ಗುಂಡಿ ಒತ್ತಿದ ಮೇಲೆ ಕಾಯಬೇಕೆ?

ಪ್ರಶ್ನೆ: ಆನ್‌ಲೈನ್ ಫೈಟಿಂಗ್ ಗೇಮ್‌ಗಳಲ್ಲಿ ‘ರೋಲ್‌ಬ್ಯಾಕ್’ಗೂ ಹಳೆಯ ‘ಡಿಲೇ’ ಪದ್ಧತಿಗೂ ಏನು ವ್ಯತ್ಯಾಸ?

ಉತ್ತರ: ಈ ಆಟಗಳು ಸಾಮಾನ್ಯವಾಗಿ ಸೆಕೆಂಡಿಗೆ 60 ಫ್ರೇಮ್ ಓಡುತ್ತವೆ. ಎದುರಾಳಿ ಗುಂಡಿ ಒತ್ತಿದ ಸುದ್ದಿ ನಿಮ್ಮನ್ನು ತಲುಪಲು 50 ಮಿಲಿಸೆಕೆಂಡ್, ಅಂದರೆ 3 ಫ್ರೇಮ್ ಬೇಕು ಎಂದಿಟ್ಟುಕೊಳ್ಳಿ. ಡಿಲೇ ಪದ್ಧತಿ ನೀವು ಒತ್ತಿದ್ದನ್ನೂ ಅಷ್ಟು ಹೊತ್ತು ತಡೆದಿಟ್ಟು, ಎರಡನ್ನೂ ಒಟ್ಟಿಗೆ ನಡೆಸುತ್ತದೆ. ನೆಟ್‌ವರ್ಕ್ ಏರುಪೇರಾದರೆ ಈ ತಡವೂ ಏರುಪೇರಾಗಿ, ಕೈಗೆ ಪಳಗಿದ ಕಾಂಬೊ ಕೂಡ ತಪ್ಪುತ್ತದೆ.

ಟೋನಿ ಕ್ಯಾನನ್ ಅವರ ಜಿಜಿಪಿಒ ತಂತ್ರಾಂಶ ಜನಪ್ರಿಯಗೊಳಿಸಿದ ರೋಲ್‌ಬ್ಯಾಕ್ ಹೀಗೆ ಕಾಯುವುದಿಲ್ಲ. ನಿಮ್ಮ ಹೊಡೆತ ಬಹುಮಟ್ಟಿಗೆ ಕೂಡಲೇ ಆಗುತ್ತದೆ. ಎದುರಾಳಿ ಹಿಂದಿನ ಫ್ರೇಮಿನಲ್ಲಿ ಒತ್ತಿದ್ದನ್ನೇ ಈಗಲೂ ಒತ್ತಿದ್ದಾರೆ ಎಂಬ ಊಹೆಯ ಮೇಲೆ ಆಟ ಮುಂದೆ ಹೋಗುತ್ತದೆ. ಬೆರಳುಗಳು ಫ್ರೇಮಿಗೊಮ್ಮೆ ಬದಲಾಗುವುದಿಲ್ಲವಾದ್ದರಿಂದ ಈ ಊಹೆ ಹೆಚ್ಚಾಗಿ ಸರಿಯೇ ಇರುತ್ತದೆ.

ಆದರೆ ಅವರು, ತಾಗಲು 12 ಫ್ರೇಮ್ ಹಿಡಿಯುವ ಒದೆತವೊಂದನ್ನು ಶುರುಮಾಡಿದ್ದರೆ? ಸುದ್ದಿ ಬಂದೊಡನೆ ಆಟ ಉಳಿಸಿಟ್ಟ ಹಳೆಯ ಸ್ಥಿತಿಗೆ ಮರಳಿ, ಕಳೆದ 3 ಫ್ರೇಮ್‌ಗಳನ್ನು ತೆರೆಗೆ ತರದೆ ಕ್ಷಣಾರ್ಧದಲ್ಲಿ ಮತ್ತೆ ಲೆಕ್ಕ ಹಾಕುತ್ತದೆ. ಕಾಲು ಎತ್ತುವ ಆರಂಭ ಮಾತ್ರ ನಿಮಗೆ ಕಾಣುವುದಿಲ್ಲ. ಅದೇ ತಡ 10 ಫ್ರೇಮ್ ಆದರೆ ಒದೆತ ತಾಗುವ ಹೊತ್ತಿಗೇ ಕಾಣಿಸುತ್ತದೆ, ತಡೆಯಲು ಸಮಯ ಸಿಗದು. ದೂರದ ಎದುರಾಳಿಯ ಪಾತ್ರ ಇದ್ದಕ್ಕಿದ್ದಂತೆ ಜಿಗಿದಂತೆ ಕಾಣುವುದೂ ಇದರಿಂದಲೇ.