ಸಂವಿಧಾನದ ಇಪ್ಪತ್ತನೆಯ ಅನುಚ್ಛೇದದಲ್ಲಿ ಆಪಾದಿತನ ರಕ್ಷಣೆ

ಭಾರತ ಸಂವಿಧಾನದ 20ನೆಯ ಅನುಚ್ಛೇದದ ಎರಡನೆಯ ಖಂಡವು, ಒಂದೇ ಅಪರಾಧಕ್ಕಾಗಿ ಯಾರನ್ನೂ ಒಂದಕ್ಕಿಂತ ಹೆಚ್ಚು ಸಲ ವಿಚಾರಣೆಗೆ ಗುರಿಪಡಿಸಿ ದಂಡಿಸಕೂಡದೆಂದು ವಿಧಿಸುತ್ತದೆ. ಮೂರನೆಯದು, ಆಪಾದಿತನು ತನಗೆ ವಿರುದ್ಧವಾಗಿ ತಾನೇ ಸಾಕ್ಷಿಯಾಗುವಂತೆ ಬಲಾತ್ಕರಿಸಕೂಡದೆನ್ನುತ್ತದೆ. ಎರಡೂ ಚಿಕ್ಕ ವಾಕ್ಯಗಳೇ. ಆದರೆ ಅವುಗಳ ವ್ಯಾಪ್ತಿಯೆಲ್ಲವೂ ಒಂದೊಂದು ಪದದ ಅರ್ಥನಿರ್ಣಯದಲ್ಲಿ ಅಡಗಿದೆ.

ಸಾಸ್ವೆಹಳ್ಳಿಯ ಸೀಮೆಯಲ್ಲಿ ಒಬ್ಬನು ಅಪ್ಪಣೆಯಿಲ್ಲದೆ ಹೊಳೆಯ ಮರಳನ್ನು ತೆಗೆದು ಸಾಗಿಸಿದನೆಂದು ಭಾವಿಸಬಹುದು. ಗಣಿ ಕಾಯಿದೆಯನ್ನು ಮೀರಿದುದು ಒಂದು ಅಪರಾಧ. ಸರ್ಕಾರದ ಸ್ವತ್ತನ್ನು ಕದ್ದುದು ಇನ್ನೊಂದು. ಕೃತ್ಯವು ಒಂದೇ ಆದರೂ, ರುಜುವಾತಾಗಬೇಕಾದ ಅಂಶಗಳು ಬೇರೆಯಾದುದರಿಂದ ಅಪರಾಧವು ಒಂದೇ ಅಲ್ಲವೆಂದು ಸುಪ್ರೀಂ ಕೋರ್ಟು 2014ರಲ್ಲಿ ದೆಹಲಿಯ ಇಂತಹುದೇ ಮರಳಿನ ಮೊಕದ್ದಮೆಯಲ್ಲಿ ತೀರ್ಮಾನಿಸಿತು. ಜನಸಾಮಾನ್ಯರಿಗೆ ಇದು ವಿಚಿತ್ರವಾಗಿ ತೋರಿದರೆ ಆಶ್ಚರ್ಯವಿಲ್ಲ. ‘ವಿಚಾರಣೆ’ ಎಂಬುದಕ್ಕೂ ಮಿತಿಯುಂಟು: ಸುಂಕದ ಅಧಿಕಾರಿಗಳು ಚಿನ್ನವನ್ನು ಮುಟ್ಟುಗೋಲು ಹಾಕಿಕೊಂಡುದು ನ್ಯಾಯಾಲಯದ ವಿಚಾರಣೆಯಲ್ಲವೆಂದು 1953ರಲ್ಲಿಯೇ ನಿರ್ಣಯವಾಗಿತ್ತು. ಖಂಡದಲ್ಲಿ ವಿಚಾರಣೆಯೂ ದಂಡನೆಯೂ ಜೊತೆಯಾಗಿಯೇ ಹೇಳಲ್ಪಟ್ಟಿರುವುದರಿಂದ, ಬಿಡುಗಡೆ ಹೊಂದಿದವನ ರಕ್ಷಣೆ ಸಂವಿಧಾನಕ್ಕಿಂತ ದಂಡಪ್ರಕ್ರಿಯಾ ಕಾನೂನಿನಲ್ಲಿಯೇ ಸ್ಪಷ್ಟವಾಗಿದೆ.

ಮೂರನೆಯ ಖಂಡದ ತೊಡಕು ‘ಸಾಕ್ಷಿ’ ಎಂಬ ಪದದಲ್ಲಿದೆ. ಇದರ ಮುಖ್ಯ ನಿರ್ಣಯವು ಹೊರಟುದು ಕರ್ನಾಟಕದ ಮೊಕದ್ದಮೆಯಿಂದಲೇ. ಆಪಾದಿತನಿಗೆ ಸೋಡಿಯಂ ಪೆಂಟಥಾಲ್ ಎಂಬ ಔಷಧವನ್ನು ರಕ್ತನಾಳಕ್ಕೆ ಚುಚ್ಚಿ, ಅರೆಮಂಪರಿನಲ್ಲಿ ಪ್ರಶ್ನಿಸುವ ಮಂಪರು ಪರೀಕ್ಷೆಯನ್ನು ಕರ್ನಾಟಕದ ಉಚ್ಚ ನ್ಯಾಯಾಲಯವು 2004ರಲ್ಲಿ ಎತ್ತಿಹಿಡಿದಿತ್ತು. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಎಂಬ ಮೇಲ್ಮನವಿಯಲ್ಲಿ ಸುಪ್ರೀಂ ಕೋರ್ಟು 2010ರ ಮೇ 5ರಂದು ಅದನ್ನು ನಿರಾಕರಿಸಿತು.

ಅದಕ್ಕೆ ಆಧಾರವು 1961ರ ಕಾಥಿ ಕಾಲು ಓಘಡ್ ತೀರ್ಪು. ಬೆರಳಚ್ಚು, ಕೈಬರಹದ ಮಾದರಿ ಮೊದಲಾದುವನ್ನು ಕೊಡುವುದು ಸಾಕ್ಷಿಯಾಗುವುದಲ್ಲ. ತನ್ನ ಅರಿವಿನಲ್ಲಿರುವ ಸಂಗತಿಯನ್ನು ತಿಳಿಸುವುದೇ ಸಾಕ್ಷಿಯಾಗುವುದು, ಎಂದು ಹನ್ನೊಂದು ನ್ಯಾಯಾಧೀಶರ ಪೀಠದ ಬಹುಮತವು ಹೇಳಿತ್ತು. ಮಂಪರಿನ ಮಾತು ಅರಿವಿನಿಂದಲೇ ಹೊರಡುತ್ತದೆ, ಇಚ್ಛೆಯಿಂದಲ್ಲ. ಸುಳ್ಳುಪತ್ತೆ ಯಂತ್ರದಲ್ಲಿಯೂ ಮಿದುಳಿನ ಸ್ಪಂದನೆಯ ಪರೀಕ್ಷೆಯಲ್ಲಿಯೂ ಬಾಯಿ ತೆರೆಯದಿದ್ದರೂ, ದೇಹದ ಪ್ರತಿಕ್ರಿಯೆಯಿಂದ ಮನಸ್ಸಿನಲ್ಲಿರುವುದನ್ನು ಊಹಿಸಲಾಗುತ್ತದೆ. ಆದುದರಿಂದ ಈ ಮೂರನ್ನೂ ಬಲಾತ್ಕಾರವಾಗಿ ನಡೆಸಕೂಡದೆಂದಾಯಿತು. ರಕ್ಷಣೆಯು ಪೊಲೀಸು ತನಿಖೆಯ ಕಾಲಕ್ಕೂ ಅನ್ವಯಿಸುತ್ತದೆಂದು ಅದೇ ತೀರ್ಪು ಸ್ಪಷ್ಟಪಡಿಸಿತು.

ಇಲ್ಲಿಯೂ ಒಂದು ಕಿಂಡಿ ಉಳಿದಿದೆ. ಆಪಾದಿತನು ಸ್ವಇಚ್ಛೆಯಿಂದ ಪರೀಕ್ಷೆಗೆ ಒಪ್ಪಿದರೂ ಅದರ ಫಲಿತಾಂಶವು ತಾನಾಗಿ ಸಾಕ್ಷ್ಯವಾಗದು. ಆದರೆ ಅದರ ನೆರವಿನಿಂದ ತರುವಾಯ ಪತ್ತೆಯಾದ ವಸ್ತುವೋ ಸಂಗತಿಯೋ ಸಾಕ್ಷ್ಯಕಾನೂನಿನ 27ನೆಯ ಪ್ರಕರಣದ ಪ್ರಕಾರ ಗ್ರಾಹ್ಯವಾಗಬಹುದೆಂದು ತೀರ್ಪು ಒಪ್ಪಿತು. ಪೊಲೀಸರ ವಶದಲ್ಲಿರುವವನ ಒಪ್ಪಿಗೆ ಎಷ್ಟರಮಟ್ಟಿಗೆ ಸ್ವಇಚ್ಛೆಯದೆಂಬ ಸಂದೇಹ ಸಹಜವೇ. ಅದಕ್ಕಾಗಿ ಆ ಒಪ್ಪಿಗೆಯು ಮ್ಯಾಜಿಸ್ಟ್ರೇಟರ ಮುಂದೆ ದಾಖಲಾಗಬೇಕು, ಆಪಾದಿತನಿಗೆ ವಕೀಲರ ನೆರವು ದೊರೆಯಬೇಕು. 2019ರಲ್ಲಿ ರಿತೇಶ್ ಸಿನ್ಹಾ ಪ್ರಕರಣದಲ್ಲಿ ಧ್ವನಿಯ ಮಾದರಿಯು ಬೆರಳಚ್ಚಿನ ಸಾಲಿಗೆ ಸೇರಿತು. ಮ್ಯಾಜಿಸ್ಟ್ರೇಟರು ಆಜ್ಞಾಪಿಸಿದರೆ ಆಪಾದಿತನು ಅದನ್ನು ಕೊಡಬೇಕಾಗುತ್ತದೆ.