ಹಸುವಿನ ಮೈ ಹೊರಬೀಳುವುದು ಮತ್ತು ಮಾಸು ನಿಲ್ಲುವುದು: ಕಾರಣಗಳೂ ರೈತನ ಕರ್ತವ್ಯವೂ

ಹಸುವು ಕರು ಹಾಕುವ ಕಾಲದಲ್ಲಿ ಒಕ್ಕಲಿಗನನ್ನು ದಿಗಿಲುಗೊಳಿಸುವ ತೊಂದರೆಗಳಲ್ಲಿ ಎರಡು ಮುಖ್ಯವಾದುವು. ಒಂದು, ಮೈ ಹೊರಬೀಳುವುದು. ಇನ್ನೊಂದು, ಮಾಸು ಅಥವಾ ಸತ್ತೆಯು ಕಳಚಿ ಬೀಳದೆ ಒಳಗೇ ನಿಲ್ಲುವುದು. ಮೊದಲನೆಯದರಲ್ಲಿ ತಡಮಾಡಿದರೆ ಹಸು ಕೆಡುವುದು. ಎರಡನೆಯದರಲ್ಲಿ ಆತುರಪಟ್ಟರೆ ಹಸು ಕೆಡುವುದು. ಈ ಭೇದವನ್ನು ತಿಳಿಯದೆ, ನಿಂತ ಮಾಸನ್ನು ಕೈಯಿಂದ ಎಳೆಯುವುದೂ ಹೊರಬಿದ್ದ ಗರ್ಭಕೋಶವನ್ನು ಬೆಳಗಾಗುವವರೆಗೆ ಹಾಗೆಯೇ ಬಿಡುವುದೂ ನಮ್ಮ ಗ್ರಾಮಗಳಲ್ಲಿ ನಡೆಯುತ್ತಿರುವುದುಂಟು.

ಹೆಗ್ಗಡದೇವನಕೋಟೆ ಸೀಮೆಯ ಎನ್. ಬೇಗೂರು ಮೊದಲಾದ ಗ್ರಾಮಗಳು ಬಂಡೀಪುರದ ಕಾಡಿನ ಅಂಚಿನಲ್ಲಿರುವುವು. ಅಲ್ಲಿ ರಾತ್ರಿಯ ವೇಳೆ ಆನೆಗಳ ಭಯವಿರುವುದರಿಂದ ವೈದ್ಯರನ್ನು ಕರೆತರಲು ಹೊತ್ತಾಗುವುದು ಸಹಜ. ಆದುದರಿಂದ ಕೇಡು ಕಂಡ ಘಳಿಗೆಗೂ ವೈದ್ಯರು ಬರುವ ಘಳಿಗೆಗೂ ನಡುವೆ ರೈತನು ಏನು ಮಾಡತಕ್ಕದ್ದು, ಏನು ಮಾಡಕೂಡದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಮೈ ಹೊರಬೀಳುವುದರಲ್ಲಿ ಎರಡು ಬಗೆ

ಜನರು ಎರಡನ್ನೂ ಮೈ ಬೀಳುವುದೆಂದೇ ಕರೆಯುವರಾದರೂ ಇವು ಬೇರೆ ಬೇರೆ. ಮೊದಲನೆಯದು ಕರು ಹಾಕುವುದಕ್ಕೆ ಮುಂಚೆ, ಸಾಮಾನ್ಯವಾಗಿ ಗಬ್ಬದ ಕೊನೆಯ ಎರಡು ಮೂರು ತಿಂಗಳುಗಳಲ್ಲಿ ಕಾಣುವುದು. ಹಸು ಮಲಗಿದಾಗ ನಸುಗೆಂಪಾದ, ನುಣುಪಾದ ಉಂಡೆಯೊಂದು ಹೊರಕ್ಕೆ ಬರುವುದು. ಎದ್ದು ನಿಂತಾಗ ಒಳಕ್ಕೆ ಹೋಗುವುದು. ಹೊರಬರುವುದು ಯೋನಿಯ ಭಾಗವೇ ಹೊರತು ಗರ್ಭಕೋಶವಲ್ಲ. ದಿನ ಕಳೆದಂತೆ ಉಂಡೆ ದೊಡ್ಡದಾಗಿ, ಒಣಗಿ, ಗಾಯವಾಗಿ, ಹಸು ಎದ್ದರೂ ಒಳಗೆ ಹೋಗದೆ ನಿಲ್ಲುವುದು. ಆಗ ಮೂತ್ರಕೋಶವು ಮಡಚಿಕೊಂಡು ಮೂತ್ರ ಕಟ್ಟುವ ಸಂಭವವೂ ಉಂಟು.

ಎರಡನೆಯದು ಕರು ಹಾಕಿದ ಕೆಲವು ಗಂಟೆಗಳೊಳಗೆ ಆಗುವುದು. ಗರ್ಭಕೋಶವೇ ಚೀಲದ ಒಳಮಗ್ಗುಲನ್ನು ಹೊರಗೆ ಮಾಡಿದಂತೆ ಮಗುಚಿಕೊಂಡು ಹೊರಬೀಳುವುದು. ಅದು ಕಡುಗೆಂಪಾಗಿ, ಹಿಂಗಾಲಿನ ಮಂಡಿಯವರೆಗೂ ಜೋಲುತ್ತಿರುವುದು. ಅದರ ಮೇಲೆ ಗುಂಡಿಗಳಂತಹ ಗಂಟುಗಳು ಎದ್ದು ಕಾಣುವುವು. ಈ ಗಂಟುಗಳೇ ಗುರುತು. ಇವು ಕಂಡರೆ ಪ್ರಾಣಾಪಾಯವೆಂದು ತಿಳಿದು ಆ ಕ್ಷಣವೇ ವೈದ್ಯರಿಗೆ ಹೇಳಿಕಳುಹಿಸತಕ್ಕದ್ದು. ಹಸು ಓಡಾಡಿದರೆ ಗರ್ಭಕೋಶದ ಭಾರಕ್ಕೆ ಒಳಗಿನ ದೊಡ್ಡ ರಕ್ತನಾಳ ಹರಿದು, ಹೊರಗೆ ಒಂದು ತೊಟ್ಟು ರಕ್ತವೂ ಕಾಣದೆ ಹಸು ಸಾಯಬಹುದು.

ಕಾರಣಗಳು

ಗಬ್ಬದ ಕೊನೆಯಲ್ಲಿ ಕರು ಸುಲಭವಾಗಿ ಬರಲೆಂದು ಹಸುವಿನ ಕಟಿಯ ಕಟ್ಟುಗಳು ತಾವಾಗಿಯೇ ಸಡಿಲವಾಗುವುವು. ಇಂತಹ ಸಮಯದಲ್ಲಿ ಹೊಟ್ಟೆಯ ಒತ್ತಡ ಹಿಂದಕ್ಕೆ ಬಿದ್ದರೆ ಯೋನಿಯು ಹೊರಕ್ಕೆ ನೂಕಲ್ಪಡುವುದು. ಗಂಜಲ ಹರಿಯಲೆಂದು ಕೊಟ್ಟಿಗೆಯ ನೆಲವನ್ನು ಹಿಂದಕ್ಕೆ ಬಹಳ ಇಳಿಜಾರು ಮಾಡುವುದು ಇದಕ್ಕೆ ಒಂದು ಕಾರಣ. ಹಸು ಅತಿಯಾಗಿ ಕೊಬ್ಬಿರುವುದು ಮತ್ತೊಂದು. ಬೂಷ್ಟು ಹಿಡಿದ ಮುಸುಕಿನ ಜೋಳವನ್ನು ತಿನ್ನಿಸುವುದರಿಂದಲೂ ಈ ಕೇಡು ಬರಬಹುದು. ಆ ಬೂಷ್ಟಿನ ವಿಷವು ಕಟ್ಟುಗಳನ್ನು ಇನ್ನಷ್ಟು ಸಡಿಲಿಸುವುದು. ಇದಲ್ಲದೆ ಈ ದೋಷವು ತಾಯಿಯಿಂದ ಮಗಳಿಗೆ ಬರುವುದುಂಟು. ಒಮ್ಮೆ ಯೋನಿ ಹೊರಬಂದ ಹಸುವಿಗೆ ಮುಂದಿನ ಗಬ್ಬದಲ್ಲಿಯೂ ಬರುವ ಸಂಭವ ಹೆಚ್ಚಾದುದರಿಂದ, ಅದರ ಸಂತಾನವನ್ನು ತಳಿಗಾಗಿ ಇಟ್ಟುಕೊಳ್ಳದಿರುವುದು ಲೇಸು.

ಕರು ಹಾಕಿದ ಮೇಲೆ ಗರ್ಭಕೋಶ ಹೊರಬೀಳುವುದಕ್ಕೆ ಮುಖ್ಯ ಕಾರಣ ರಕ್ತದಲ್ಲಿ ಸುಣ್ಣದ ಅಂಶ ಕಡಿಮೆಯಾಗುವುದು. ಹೆಚ್ಚು ಹಾಲು ಕೊಡುವ ಮಿಶ್ರತಳಿಯ ಹಸುಗಳಲ್ಲಿ ಈದ ಕೂಡಲೇ ಸುಣ್ಣವೆಲ್ಲ ಕೆಚ್ಚಲಿಗೆ ಇಳಿಯುವುದರಿಂದ ಗರ್ಭಕೋಶದ ಮಾಂಸಕ್ಕೆ ಕುಗ್ಗುವ ಶಕ್ತಿಯಿರುವುದಿಲ್ಲ. ಬಹಳ ಹೊತ್ತು ಬೇನೆ ತಿಂದ ಹಸುವಿನಲ್ಲಿಯೂ, ಕರುವನ್ನು ಬಲವಾಗಿ ಎಳೆದು ತೆಗೆದಲ್ಲಿಯೂ ಹೀಗಾಗುವುದು. ಇದು ಯೋನಿಯ ದೋಷದಂತೆ ವಂಶದಲ್ಲಿ ಬರುವುದೆಂದು ಹೆದರಬೇಕಾಗಿಲ್ಲ. ಸಕಾಲದಲ್ಲಿ ಚಿಕಿತ್ಸೆಯಾದ ಹಸು ಮತ್ತೆ ಗಬ್ಬ ಕಟ್ಟಬಹುದು.

ಮಾಸಿನ ವಿಷಯ ಬೇರೆ. ಅದು ಗರ್ಭಕೋಶದ ಗಂಟುಗಳಿಗೆ ಬೆರಳಿನೊಳಗೆ ಬೆರಳು ಹೆಣೆದಂತೆ ಅಂಟಿಕೊಂಡಿರುವುದು. ದಿನ ತುಂಬಿದಾಗ ಈ ಹೆಣಿಗೆ ಹಣ್ಣಾಗಿ ತಾನಾಗಿ ಬಿಡುವುದು. ಸಾಮಾನ್ಯವಾಗಿ ಕರು ಹಾಕಿದ 8 ಗಂಟೆಗಳೊಳಗೆ ಮಾಸು ಬೀಳುವುದು. 12 ಗಂಟೆಗಳಾದರೂ ಬೀಳದಿದ್ದರೆ ನಿಂತಿದೆಯೆಂದು ಎಣಿಸತಕ್ಕದ್ದು. ದಿನ ತುಂಬದೆ ಕರು ಬಂದರೆ, ಅವಳಿ ಕರುಗಳಾದರೆ, ಕರು ಸಿಕ್ಕಿಕೊಂಡು ಕಷ್ಟವಾದರೆ, ಸುಣ್ಣದ ಅಂಶವಾಗಲಿ ಹಸುರು ಮೇವಿನ ಸತ್ತ್ವವಾಗಲಿ ಕಡಿಮೆಯಾದರೆ ಈ ಹೆಣಿಗೆ ಬಿಡದು. ಐದನೆಯ ತಿಂಗಳು ಕಳೆದ ಮೇಲೆ ಹಸು ಕಂದು ಹಾಕಿ, ಮಾಸೂ ನಿಂತರೆ, ಬ್ರುಸೆಲ್ಲಾ ಎಂಬ ಅಂಟುರೋಗವನ್ನು ಶಂಕಿಸಿ ರಕ್ತಪರೀಕ್ಷೆ ಮಾಡಿಸಬೇಕು. ಈ ರೋಗ ಮನುಷ್ಯರಿಗೂ ತಗಲುವುದು.

ಒಂದು ನಿದರ್ಶನ

ಎನ್. ಬೇಗೂರಿನ ಒಬ್ಬ ರೈತನ ಮನೆಯಲ್ಲಿ ಮೂರನೆಯ ಸೂಲಿನ ಮಿಶ್ರತಳಿಯ ಹಸುವೊಂದು ಇದೆಯೆಂದು ಭಾವಿಸೋಣ. ರಾತ್ರಿ 8 ಗಂಟೆಗೆ ನಾಲ್ವರು ಸೇರಿ ಕರುವನ್ನು ಎಳೆದು ತೆಗೆದರು. ಹಸು ಮಲಗಿಯೇ ಇದ್ದು ಮುಕ್ಕುತ್ತಿರುವುದು, ಕಿವಿಗಳು ತಣ್ಣಗಿರುವುವು. 10 ಗಂಟೆಗೆ ಗರ್ಭಕೋಶ ಹೊರಬಿತ್ತು. ಮಾಸು ಅದಕ್ಕೆ ಅಂಟಿಕೊಂಡೇ ಇದೆ.

ಮೊದಲನೆಯ ಕೆಲಸ, 1962ಕ್ಕೆ ಅಥವಾ ಹತ್ತಿರದ ಪಶುವೈದ್ಯರಿಗೆ ಕರೆಮಾಡಿ, ಗರ್ಭಕೋಶವೇ ಬಿದ್ದಿದೆಯೆಂದೂ ಹಸು ಏಳುತ್ತಿಲ್ಲವೆಂದೂ ಸ್ಪಷ್ಟವಾಗಿ ಹೇಳುವುದು. ಹೀಗೆ ಹೇಳಿದರೆ ವೈದ್ಯರು ತಕ್ಕ ಔಷಧಗಳೊಡನೆ ಹೊರಡುವರು. ಹಸುವನ್ನು ಎಬ್ಬಿಸಿ ನಡೆಸಕೂಡದು. ನಾಯಿಗಳನ್ನೂ ಬೇರೆ ದನಗಳನ್ನೂ ದೂರವಿಡತಕ್ಕದ್ದು. ಹಸು ಒಂದು ಮಗ್ಗುಲಿಗೆ ಚಾಚಿಕೊಳ್ಳದಂತೆ ಹುಲ್ಲಿನ ಹೊರೆಗಳನ್ನು ಒತ್ತುಕೊಟ್ಟು, ಎದೆಯ ಮೇಲೆ ಕುಳಿತಂತೆ ಇರಿಸಬೇಕು.

ಎರಡನೆಯದು, ಕುದಿಸಿ ಆರಿಸಿದ ನೀರಿಗೆ ಚಿಟಿಕೆ ಉಪ್ಪು ಹಾಕಿ, ಹೊರಬಿದ್ದ ಭಾಗದ ಮೇಲಿನ ಸಗಣಿ ಮಣ್ಣುಗಳನ್ನು ಉಜ್ಜದೆ, ನೀರು ಹೊಯ್ದು ತೊಳೆಯುವುದು. ಬಳಿಕ ಒಗೆದ ಪಂಚೆಯನ್ನು ಅದೇ ನೀರಿನಲ್ಲಿ ಅದ್ದಿ, ಗರ್ಭಕೋಶದ ಕೆಳಗೆ ಹಾಸಿ, ಇಬ್ಬರು ಎರಡು ತುದಿಗಳನ್ನು ಹಿಡಿದು ಅದನ್ನು ಯೋನಿದ್ವಾರದ ಮಟ್ಟಕ್ಕೆ ಎತ್ತಿ ಹಿಡಿಯಬೇಕು. ಮೇಲೆಯೂ ಒದ್ದೆಬಟ್ಟೆ ಮುಚ್ಚಿ, ಒಣಗದಂತೆ ಆಗಾಗ ನೀರು ಚಿಮುಕಿಸಬೇಕು. ಎತ್ತಿ ಹಿಡಿಯುವುದರಿಂದ ರಕ್ತ ಕಟ್ಟಿ ಬಾವು ಏರುವುದು ತಪ್ಪುವುದು, ನಾಳದ ಮೇಲಿನ ಭಾರವೂ ತಗ್ಗುವುದು. ಕೈ ಸೋತರೆ ಬೇರೆ ಇಬ್ಬರು ಹಿಡಿಯಲಿ. ವೈದ್ಯರು ಬರುವವರೆಗೆ ಇದಕ್ಕಿಂತ ಹೆಚ್ಚಿನ ಉಪಕಾರವಿಲ್ಲ.

ಮಾಡಬಾರದವು ಇವು: ಗಂಟುಗಳಿಂದ ಮಾಸನ್ನು ಕೀಳಕೂಡದು, ರಕ್ತ ಹರಿಯುವುದು. ಬೂದಿ, ಸೀಮೆಎಣ್ಣೆ ಹಚ್ಚಕೂಡದು. ಬಲದಿಂದ ಒಳಗೆ ನೂಕಕೂಡದು. ಬಾತ ಗರ್ಭಕೋಶಕ್ಕೆ ಬೆರಳು ತೂತು ಮಾಡುವುದು. ಏಳಲಾರದ ಹಸುವಿಗೆ ಗೊಟ್ಟದಿಂದ ಏನನ್ನೂ ಕುಡಿಸಕೂಡದು. ಅದು ಶ್ವಾಸಕೋಶಕ್ಕೆ ಇಳಿಯುವುದು. ಸುಣ್ಣದ ಔಷಧವನ್ನು ರಕ್ತನಾಳಕ್ಕೆ ಕೊಡುವುದು ವೈದ್ಯರ ಕೆಲಸವೇ. ಬೇಗ ಹರಿಸಿದರೆ ಹೃದಯ ನಿಲ್ಲುವುದು.

ವೈದ್ಯರು ಬಂದು ಬೆನ್ನಿನ ಬುಡಕ್ಕೆ ಸೂಜಿ ಹಾಕಿ ಮುಕ್ಕುವುದನ್ನು ನಿಲ್ಲಿಸಿ, ಗರ್ಭಕೋಶವನ್ನು ತುದಿಯವರೆಗೂ ಒಳಸೇರಿಸಿ, ಸುಣ್ಣದ ಔಷಧವನ್ನೂ ಗರ್ಭಕೋಶ ಕುಗ್ಗುವ ಔಷಧವನ್ನೂ ಕೊಡುವರು. ಸುಲಭವಾಗಿ ಕಳಚಿದಷ್ಟು ಮಾಸನ್ನು ಮಾತ್ರ ತೆಗೆದು, ಉಳಿದುದನ್ನು ಹಾಗೆಯೇ ಬಿಡುವರು. ಮನೆಯವರು ಇದನ್ನು ಅರ್ಧಮರ್ಧ ಕೆಲಸವೆಂದು ತಿಳಿಯಬಾರದು.

ಇಲ್ಲಿಂದ ತಾಳ್ಮೆಯ ಕಾಲ. ಉಳಿದ ಮಾಸು ಸಾಮಾನ್ಯವಾಗಿ 5ರಿಂದ 10 ದಿನಗಳೊಳಗೆ ಕೊಳೆತು ತಾನಾಗಿ ಬೀಳುವುದು. ಅದಕ್ಕೆ ಕಲ್ಲನ್ನಾಗಲಿ ಕೆರವನ್ನಾಗಲಿ ಕಟ್ಟಕೂಡದು. ತುಂಡಾಗಿ ಒಳಗುಳಿಯುವುದು, ಇಲ್ಲವೆ ಗರ್ಭಕೋಶವನ್ನೇ ಮತ್ತೆ ಎಳೆಯುವುದು. ನೆಲಕ್ಕೆ ತಾಕುತ್ತಿದ್ದರೆ ಹಿಂಗಾಲಿನ ಮಂಡಿಯ ಮಟ್ಟಕ್ಕೆ ಕತ್ತರಿಸಿದರೆ ಸಾಕು. ದುರ್ವಾಸನೆ ಮಾತ್ರಕ್ಕೆ ಹೆದರಬೇಕಾಗಿಲ್ಲ. ನೋಡಬೇಕಾದುದು ಜ್ವರ ಮತ್ತು ಮೇವು. 10 ದಿನ ಬೆಳಗೂ ಸಂಜೆಯೂ ಗುದದಲ್ಲಿ ಉಷ್ಣಮಾಪಕವಿಟ್ಟು ನೋಡತಕ್ಕದ್ದು. ಸಹಜವಾದ ಶಾಖ ಸುಮಾರು 101.5 ಡಿಗ್ರಿ ಫ್ಯಾರನ್‌ಹೀಟ್. 103 ದಾಟಿದರೆ, ಅಥವಾ ಹಸು ಮೇವು ಬಿಟ್ಟು ಮಂಕಾದರೆ, ಅಂದೇ ವೈದ್ಯರನ್ನು ಕರೆಸಿ ಸೂಜಿಮದ್ದು ಕೊಡಿಸಬೇಕು. ಮದ್ದು ನಡೆಯುವಾಗಲೂ ಆ ಬಳಿಕ ವೈದ್ಯರು ಹೇಳಿದಷ್ಟು ದಿನಗಳೂ ಹಾಲನ್ನು ಡೇರಿಗೆ ಹಾಕಕೂಡದು.

ಯೋನಿ ಹೊರಬರುವ ಗಬ್ಬದ ಹಸುವಿಗೆ

ಇದರಲ್ಲಿಯೂ ತೊಳೆಯುವ ಕ್ರಮ ಅದೇ. ಉಂಡೆಯನ್ನು ಮೆಲ್ಲನೆ ಎತ್ತಿ ಹಿಡಿದರೆ ಕಟ್ಟಿದ ಮೂತ್ರ ಹೋಗುವುದು. ಹಿಂಗಾಲಿನ ಕಡೆ ಅರ್ಧ ಅಡಿಯಷ್ಟು ಮಣ್ಣು ತುಂಬಿ ಎತ್ತರಿಸಿದರೆ ಎಷ್ಟೋ ಹಸುಗಳಲ್ಲಿ ಮೊದಲ ಹಂತದಲ್ಲಿಯೇ ಕೇಡು ತಗ್ಗುವುದು. ಹುಲ್ಲನ್ನು ಒಂದೇ ಸಲ ಹೊಟ್ಟೆ ಬಿರಿಯುವಂತೆ ಹಾಕದೆ ಹಲವು ಸಲ ಸ್ವಲ್ಪ ಸ್ವಲ್ಪವಾಗಿ ಹಾಕಬೇಕು. ವೈದ್ಯರು ಹೊಲಿಗೆ ಹಾಕಿದ್ದರೆ, ಕರು ಹಾಕುವ ದಿನದ ಲೆಕ್ಕವನ್ನು ಬರೆದಿಟ್ಟು, ಅದನ್ನು ಯಾವಾಗ ಬಿಚ್ಚಬೇಕೆಂದು ಅವರಿಂದಲೇ ಕೇಳಿ ತಿಳಿದಿರತಕ್ಕದ್ದು. ಬೇನೆ ಬಂದಾಗಲೂ ಹೊಲಿಗೆ ಹಾಗೆಯೇ ಇದ್ದರೆ ಕರುವೂ ಸಾಯುವುದು, ಹಸುವೂ ಹರಿಯುವುದು.

ಮುಂಜಾಗ್ರತೆ

ಕರು ಹಾಕುವುದಕ್ಕೆ 60 ದಿನ ಮುಂಚೆ ಹಾಲು ಬತ್ತಿಸತಕ್ಕದ್ದು. ಆ ಕಾಲದಲ್ಲಿ ಹಸು ಬಡವಾಗದೆ, ಕೊಬ್ಬದೆ ಇರಬೇಕು. ದಿನವೂ ಸ್ವಲ್ಪವಾದರೂ ಹಸುರು ಮೇವು ಸಿಗಬೇಕು. ಹಾಲು ಹೆಚ್ಚಲೆಂದು ಕೆಲವರು ಗಬ್ಬದ ಕೊನೆಯ ವಾರಗಳಲ್ಲಿ ಸುಣ್ಣದ ಔಷಧವನ್ನು ಸೀಸೆಗಟ್ಟಲೆ ಕುಡಿಸುವರು. ಇದು ತಪ್ಪು. ಹೊರಗಿನಿಂದ ಸುಣ್ಣ ಧಾರಾಳವಾಗಿ ಬಂದರೆ, ಮೂಳೆಯಿಂದ ಸುಣ್ಣ ತೆಗೆದುಕೊಳ್ಳುವ ಅಭ್ಯಾಸ ದೇಹಕ್ಕೆ ತಪ್ಪಿ, ಈದ ದಿನವೇ ಕೊರತೆ ಬೀಳುವುದು. ಹಾಗೆ ಕೊಡುವುದಿದ್ದರೆ ಕರು ಹಾಕುವ ಸಮಯದಿಂದ ಮೊದಲಾಗಿ, ವೈದ್ಯರ ಸಲಹೆಯಂತೆ ಕೊಡತಕ್ಕದ್ದು.

ಬ್ರುಸೆಲ್ಲಾ ರೋಗಕ್ಕೆ 4ರಿಂದ 8 ತಿಂಗಳೊಳಗಿನ ಹೆಣ್ಣುಕರುಗಳಿಗೆ ಒಮ್ಮೆ ಲಸಿಕೆ ಹಾಕುವರು. 2019ರಲ್ಲಿ ಮೊದಲಾದ ಕೇಂದ್ರ ಸರ್ಕಾರದ ಯೋಜನೆಯಲ್ಲಿ ಈ ಲಸಿಕೆಯೂ ಸೇರಿದೆ. ಗಂಡುಕರುಗಳಿಗೂ ಗಬ್ಬದ ಹಸುಗಳಿಗೂ ಇದನ್ನು ಹಾಕುವುದಿಲ್ಲ.

ಮಾಸನ್ನು ಹುಲ್ಲಿನಲ್ಲಿ ಸುತ್ತಿ ಆಲದ ಮರಕ್ಕೆ ಕಟ್ಟುವ ವಾಡಿಕೆ ನಮ್ಮಲ್ಲಿ ಹಿಂದಿನಿಂದ ಬಂದುದು. ಆದರೆ ಕಂದು ಹಾಕಿದ ಹಸುವಿನ ಮಾಸನ್ನು ಹೀಗೆ ಕಟ್ಟಿದರೆ ನಾಯಿ ನರಿಗಳು ಎಳೆದು, ಮೇವಿಗೂ ನೀರಿಗೂ ರೋಗವನ್ನು ಹರಡುವುವು. ಅದನ್ನೂ ಸತ್ತ ಕರುವನ್ನೂ ಬರಿಗೈಯಲ್ಲಿ ಮುಟ್ಟದೆ, ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳತಕ್ಕದ್ದು. ಆ ಹಸುವಿನ ಹಾಲನ್ನು ಕುದಿಸದೆ ಕುಡಿಯಕೂಡದು.

ಗ್ರಾಮದ ಯಜಮಾನರೂ ಜಮೀನುದಾರರೂ ಇಷ್ಟನ್ನು ಏರ್ಪಡಿಸಬಹುದು: ವೈದ್ಯರ ದೂರವಾಣಿಯ ಸಂಖ್ಯೆಯನ್ನು ಹಾಲಿನ ಡೇರಿಯ ಗೋಡೆಯ ಮೇಲೆ ಬರೆಯಿಸುವುದು, ಅಲ್ಲಿಯೇ ಒಂದು ಉಷ್ಣಮಾಪಕವನ್ನೂ ರಬ್ಬರಿನ ಕೈಚೀಲಗಳನ್ನೂ ಒಗೆದ ಎರಡು ಪಂಚೆಗಳನ್ನೂ ಇಡಿಸುವುದು, ರಾತ್ರಿ ವೈದ್ಯರು ಬರುವಾಗ ದೀಪ ಹಿಡಿದು ಊರಬಾಗಿಲಿನಿಂದ ಕರೆತರಲು ಇಬ್ಬರನ್ನು ಗೊತ್ತುಮಾಡುವುದು, ಮತ್ತು ಒಂದೇ ವರ್ಷದಲ್ಲಿ ಎರಡು ಮೂರು ಹಸುಗಳು ಕಂದು ಹಾಕಿದರೆ ಅದನ್ನು ಮುಚ್ಚಿಡದೆ ಪಶುವೈದ್ಯಶಾಲೆಗೆ ತಿಳಿಸುವುದು.