115 ತಿಂಗಳು ಎಂಬ ಲೆಕ್ಕ ಬಂದದ್ದೆಲ್ಲಿಂದ?

2023ರ ಏಪ್ರಿಲ್‌ನಲ್ಲಿ ಕಿಸಾನ್ ವಿಕಾಸ್ ಪತ್ರದ ಬಡ್ಡಿ ವರ್ಷಕ್ಕೆ 7.5% ಆಯಿತು. ಅಂಚೆ ಕಚೇರಿಯಲ್ಲಿ ಕಟ್ಟಿದ ಹಣ 115 ತಿಂಗಳಿಗೆ ಎರಡರಷ್ಟಾಗುತ್ತದೆ ಎಂದೂ ಪ್ರಕಟಿಸಿದರು. ಈ 115ನ್ನು ನಾವೇ ಲೆಕ್ಕ ಹಾಕಿ ನೋಡಬಹುದು.

ಚಕ್ರಬಡ್ಡಿಯಲ್ಲಿ ಹಣ ಪ್ರತಿ ವರ್ಷ 1.075ರಿಂದ ಗುಣಿಸಲ್ಪಡುತ್ತದೆ. ಎಷ್ಟು ಸಲ ಗುಣಿಸಿದರೆ 2 ಬರುತ್ತದೆ ಎಂಬುದೇ ಪ್ರಶ್ನೆ. ಅಂದರೆ ನಮಗೆ ಬೇಕಾದ ವರ್ಷಗಳ ಸಂಖ್ಯೆ 1.075ರ ತಲೆಯ ಮೇಲೆ ಘಾತವಾಗಿ ಕುಳಿತಿದೆ. ಎರಡೂ ಕಡೆ ಲಾಗ್ ತೆಗೆದುಕೊಂಡರೆ ಅದು ಕೆಳಗಿಳಿದು ಸಾಮಾನ್ಯ ಗುಣಾಕಾರದ ಸಂಖ್ಯೆಯಾಗುತ್ತದೆ:

n = log 2 ÷ log 1.075 = 0.30103 ÷ 0.031408 = 9.584

ಇದು ವರ್ಷಗಳಲ್ಲಿ ಬಂದ ಉತ್ತರ. 12ರಿಂದ ಗುಣಿಸಿದರೆ ಸರಿಯಾಗಿ 115 ತಿಂಗಳು. ಅಸಲು ಸಾವಿರವಿರಲಿ, ಲಕ್ಷವಿರಲಿ, ಲೆಕ್ಕದಲ್ಲಿ ಅದು ಬರುವುದೇ ಇಲ್ಲ; ಎಷ್ಟು ಪಟ್ಟು ಎಂಬುದಷ್ಟೇ ಮುಖ್ಯ. ಒಂದೂವರೆ ಪಟ್ಟು ಸಾಕೆನ್ನುವವರು 2ರ ಬದಲು 1.5ರ ಲಾಗ್ ಹಾಕಲಿ, ಐದು ವರ್ಷ ಏಳು ತಿಂಗಳ ಸುಮಾರು ಎಂದು ತಿಳಿಯುತ್ತದೆ.

ಹೆಚ್ಚಿನವರು ಎಡವುವುದು 7.5ನ್ನು ಮೊದಲೇ 12ರಿಂದ ಭಾಗಿಸಿ, ತಿಂಗಳಿಗೆ 0.625% ಎಂದು ಹಿಡಿಯುವುದರಲ್ಲಿ. ಆಗ 111 ತಿಂಗಳು ಬರುತ್ತದೆ. ಈ ಯೋಜನೆಯಲ್ಲಿ ಬಡ್ಡಿ ಅಸಲಿಗೆ ಸೇರುವುದು ವರ್ಷಕ್ಕೊಮ್ಮೆ. ಬಡ್ಡಿ ಸೇರುವ ಅವಧಿ ಯಾವುದೋ, ದರವೂ ಅದೇ ಅವಧಿಯದಾಗಿರಬೇಕು.

ಕೆಲವೊಮ್ಮೆ ಅವಧಿ ಗೊತ್ತು, ದರ ಗೊತ್ತಿಲ್ಲ. 2014ರಲ್ಲಿ ಇದೇ ಪತ್ರ ಮರಳಿ ಬಂದಾಗ 100 ತಿಂಗಳಿಗೆ ಎರಡರಷ್ಟು ಎಂದಿದ್ದರು. ನೂರು ತಿಂಗಳಿಗೆ ನೂರು ಪರ್ಸೆಂಟ್, ಹಾಗಾದರೆ ವರ್ಷಕ್ಕೆ 12% ಎಂದು ಯಾರಿಗಾದರೂ ತೋರುತ್ತದೆ. ಆದರೆ ಅದು ಬಡ್ಡಿಯ ಮೇಲಿನ ಬಡ್ಡಿಯನ್ನು ಬಿಟ್ಟು ಮಾಡಿದ ಲೆಕ್ಕ. 100 ತಿಂಗಳೆಂದರೆ 8.333 ವರ್ಷ. log 2 ಅನ್ನು ಅದರಿಂದ ಭಾಗಿಸಿದರೆ 0.036124, ಇದರ ಆಂಟಿಲಾಗ್ 1.0867. ನಿಜವಾದ ದರ 8.7%.

ಕಂತಿನ ಸಾಲದ ದರ ಹುಡುಕುವಾಗ ಮಾತ್ರ ಲಾಗ್ ಕೈಕೊಡುತ್ತದೆ. ಒಂದು ಲಕ್ಷ ಸಾಲಕ್ಕೆ ತಿಂಗಳಿಗೆ 5,000ದಂತೆ 24 ಕಂತು ಎನ್ನೋಣ. ಒಟ್ಟು ಬಡ್ಡಿ 20,000, ವರ್ಷಕ್ಕೆ 10% ಎಂದು ಸಾಲ ಕೊಡುವವರು ಹೇಳಬಹುದು. ಆದರೆ ಅಸಲು ತಿಂಗಳು ತಿಂಗಳೂ ಕರಗುತ್ತಿರುತ್ತದೆ. ಇಲ್ಲಿ ದರ ಅಡಗಿರುವುದು 24 ಪದಗಳ ಮೊತ್ತದೊಳಗೆ, ಮೊತ್ತವನ್ನು ಲಾಗ್ ಬಿಡಿಸಲಾರದು. ಒಂದೊಂದೇ ದರ ಹಾಕಿ ನೋಡುವುದೇ ದಾರಿ. ತಿಂಗಳಿಗೆ 2% ಹಾಕಿದರೆ ಆ ಕಂತುಗಳ ಇಂದಿನ ಬೆಲೆ ಸುಮಾರು 94,600 ರೂಪಾಯಿ, ಲಕ್ಷಕ್ಕಿಂತ ಕಡಿಮೆ, ಅಂದರೆ ದರ ಹೆಚ್ಚಾಯಿತು. 1.5% ಹಾಕಿದರೆ ಸುಮಾರು 1,00,150. ತಿಂಗಳಿಗೆ ಒಂದೂವರೆ, ವರ್ಷಕ್ಕೆ 18%ಕ್ಕೂ ತುಸು ಮೇಲೆ.